ಬಟ್ಟಲು ಮತ್ತು ಜೀನು: ಮಿನ್ರೆಸ್ ವಿಧಾನ ಹುಟ್ಟಿದ ಬಗೆ

1951ರ ಆಗಸ್ಟ್ ತಿಂಗಳಲ್ಲಿ ಲಾಸ್ ಏಂಜಲಿಸ್ ನಗರದಲ್ಲಿ ಗಣಿತಜ್ಞರ ಒಂದು ಸಭೆ ಸೇರಿತು. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯು ಅಲ್ಲಿಯ ವಿಶ್ವವಿದ್ಯಾಲಯದ ಆವರಣದಲ್ಲಿ ಸಂಖ್ಯಾತ್ಮಕ ವಿಶ್ಲೇಷಣೆಗೆಂದೇ ಒಂದು ಕೇಂದ್ರವನ್ನು ನಡೆಸುತ್ತಿತ್ತು. ಸಭೆ ಕೂಡಿದ್ದು ಆ ಕೇಂದ್ರದಲ್ಲಿ. ಜೂರಿಕ್ಕಿನಿಂದ ಬಂದ ಎಡುವಾರ್ಡ್ ಸ್ಟೀಫೆಲ್ ತಮ್ಮ ಹೊಸ ವಿಧಾನವೊಂದನ್ನು ವಿವರಿಸಲು ಸಿದ್ಧರಾಗಿದ್ದರು. ಆ ಕೇಂದ್ರದಲ್ಲಿಯೇ ಇದ್ದ ಮ್ಯಾಗ್ನಸ್ ಹೆಸ್ಟನೆಸ್ ಕೂಡ ಅದೇ ವಿಧಾನವನ್ನು ಸ್ವತಂತ್ರವಾಗಿ ಕಂಡುಕೊಂಡಿದ್ದರೆಂಬುದು ಅಲ್ಲಿಗೆ ಬಂದ ಮೇಲಷ್ಟೇ ತಿಳಿಯಿತು. ಇಬ್ಬರೂ ಸ್ಪರ್ಧೆಗಿಳಿಯದೆ ಜೊತೆಗೂಡಿ ಬರೆದರು. 1952ರ ಡಿಸೆಂಬರಿನಲ್ಲಿ ಆ ಸಂಸ್ಥೆಯ ಸಂಶೋಧನ ಪತ್ರಿಕೆಯಲ್ಲಿ ಪ್ರಕಟವಾದ ಅವರ ಲೇಖನವೇ ಕಾಂಜುಗೇಟ್ ಗ್ರೇಡಿಯಂಟ್ ವಿಧಾನದ ಮೂಲಗ್ರಂಥ. ಮುಂದೆ ನಾವು ಅದನ್ನು ಸಿಜಿ ಎಂದು ಕರೆಯುತ್ತೇವೆ.

ನಾವು ಇಲ್ಲಿ ಹೇಳಹೊರಟಿರುವುದು ಸಿಜಿಯ ಕಥೆಯನ್ನಲ್ಲ; ಅದು ಎಲ್ಲಿ ನಿಂತುಬಿಟ್ಟಿತೋ ಅಲ್ಲಿಂದ ಮುಂದಕ್ಕೆ ದಾರಿ ಮಾಡಿದ ಇನ್ನೊಂದು ವಿಧಾನದ ಕಥೆಯನ್ನು. ಅದರ ಹೆಸರು ಮಿನ್ರೆಸ್, ಎಂದರೆ ‘ಕನಿಷ್ಠ ಶೇಷ’ದ ವಿಧಾನ. ಎರಡಕ್ಕೂ ನಡುವೆ 23 ವರ್ಷಗಳ ಅಂತರವಿದೆ. ಆ ಅಂತರವನ್ನು ಅರ್ಥಮಾಡಿಕೊಳ್ಳಬೇಕಾದರೆ ಮೊದಲು ಸಿಜಿ ಯಾವ ನೆಲದ ಮೇಲೆ ನಡೆಯಬಲ್ಲದು ಎಂಬುದನ್ನು ನೋಡಬೇಕು.

ಬಟ್ಟಲಿನ ತಳಕ್ಕೆ ಇಳಿಯುವ ದಾರಿ

ನಮ್ಮ ಮುಂದಿರುವ ಲೆಕ್ಕ ಸರಳವಾದ ರೂಪದ್ದು: Ax = b. A ಎಂಬುದು ಸಂಖ್ಯೆಗಳ ಒಂದು ಚೌಕ ಮಾತೃಕೆ, b ಎಂಬುದು ತಿಳಿದಿರುವ ಸದಿಶ, x ನಾವು ಕಂಡುಹಿಡಿಯಬೇಕಾದದ್ದು. ಮೂರು ಅಜ್ಞಾತಗಳಿದ್ದರೆ ಶಾಲೆಯಲ್ಲಿ ಕಲಿತಂತೆ ಒಂದೊಂದನ್ನೇ ಕಳೆದು ಬಿಡಿಸಬಹುದು. ಲಕ್ಷಾಂತರ ಅಜ್ಞಾತಗಳಿದ್ದು, ಪ್ರತಿಯೊಂದು ಸಮೀಕರಣದಲ್ಲಿಯೂ ಐದಾರು ಮಾತ್ರ ಕಾಣಿಸಿಕೊಳ್ಳುವಂತಿದ್ದರೆ, ಹಾಗೆ ಕಳೆಯುತ್ತ ಹೋಗುವಾಗ ಮೊದಲು ಸೊನ್ನೆಯಾಗಿದ್ದ ಜಾಗಗಳೆಲ್ಲ ತುಂಬಿಕೊಂಡು ಗಣಕದ ಸ್ಮೃತಿಯೇ ಸಾಲದಾಗುತ್ತದೆ. ಆಗ A ಯನ್ನು ಒಡೆಯದೆ, ಅದರಿಂದ ಒಂದು ಸದಿಶವನ್ನು ಗುಣಿಸುವ ಕೆಲಸವೊಂದನ್ನೇ ಮತ್ತೆ ಮತ್ತೆ ಮಾಡಿ ಉತ್ತರದತ್ತ ಸರಿಯುವ ಪುನರಾವರ್ತನ ವಿಧಾನಗಳು ಬೇಕಾಗುತ್ತವೆ.

ಸಿಜಿ ಅಂಥದೊಂದು ವಿಧಾನ. ಅದು A ಯಿಂದ ಎರಡು ಗುಣಗಳನ್ನು ಅಪೇಕ್ಷಿಸುತ್ತದೆ. ಮೊದಲನೆಯದು ಸಮಮಿತಿ: ಮುಖ್ಯ ಕರ್ಣದ ಎರಡೂ ಬದಿಗಳು ಕನ್ನಡಿಯ ಪ್ರತಿಬಿಂಬದಂತಿರಬೇಕು. ಎರಡನೆಯದು, A ಯ ಐಗನ್ ಮೌಲ್ಯಗಳೆಲ್ಲ ಸೊನ್ನೆಗಿಂತ ಹೆಚ್ಚಿನವಾಗಿರಬೇಕು. ಇಂಥ ಮಾತೃಕೆಯನ್ನು ಧನನಿಶ್ಚಿತ ಎನ್ನುತ್ತಾರೆ. ಆಗ ½xᵀAx − bᵀx ಎಂಬ ಮೊತ್ತವನ್ನು ಒಂದು ಮೇಲ್ಮೈಯಾಗಿ ಕಲ್ಪಿಸಿಕೊಂಡರೆ ಅದು ಎಲ್ಲ ದಿಕ್ಕುಗಳಲ್ಲಿಯೂ ಮೇಲಕ್ಕೆ ಏರುವ ಬಟ್ಟಲಾಗಿರುತ್ತದೆ. ಆ ಬಟ್ಟಲಿಗೆ ಒಂದೇ ಒಂದು ತಳ. ಸಮೀಕರಣಗಳ ಉತ್ತರ ಇರುವುದು ಆ ತಳದಲ್ಲಿಯೇ.

ಸಿಜಿ ಒಂದೊಂದು ಹೆಜ್ಜೆಯಲ್ಲಿಯೂ p ಎಂಬ ಒಂದು ದಿಕ್ಕನ್ನು ಆರಿಸಿ ಆ ದಿಕ್ಕಿನಲ್ಲಿ ಸಾಧ್ಯವಾದಷ್ಟು ಕೆಳಕ್ಕೆ ಇಳಿಯುತ್ತದೆ. ಇನ್ನೂ ತೀರದೆ ಉಳಿದ ಭಾಗವನ್ನು, ಎಂದರೆ r = b − Ax ಎಂಬುದನ್ನು, ಶೇಷ ಎಂದು ಕರೆಯೋಣ. ಹೆಜ್ಜೆಯ ಉದ್ದ ಎಷ್ಟಿರಬೇಕೆಂಬುದಕ್ಕೆ ಸೂತ್ರ ಇದು: α = rᵀr / pᵀAp. ಛೇದದಲ್ಲಿರುವ pᵀAp ಎಂಬುದು ಆ ದಿಕ್ಕಿನಲ್ಲಿ ಬಟ್ಟಲು ಎಷ್ಟು ಬಾಗಿದೆ ಎಂಬುದರ ಅಳತೆ. ಧನನಿಶ್ಚಿತ ಮಾತೃಕೆಯಲ್ಲಿ ಅದು ಎಂದೂ ಸೊನ್ನೆಯಾಗದು, ಋಣವಂತೂ ಆಗದು. ಹೊಸ ದಿಕ್ಕನ್ನು ಹಳೆಯ ದಿಕ್ಕುಗಳ ಸಾಧನೆ ಕೆಡದಂತೆ ಆರಿಸಲಾಗುತ್ತದೆ. ಅದಕ್ಕೆ ಹಿಂದಿನ ಒಂದೇ ಒಂದು ದಿಕ್ಕು ನೆನಪಿನಲ್ಲಿದ್ದರೆ ಸಾಕು. ವಿಧಾನದ ಚೆಲುವೆಲ್ಲ ಈ ಮಿತವ್ಯಯದಲ್ಲಿದೆ.

ಹೆಸ್ಟನೆಸ್ ಮತ್ತು ಸ್ಟೀಫೆಲ್ ತಮ್ಮ ಲೇಖನದಲ್ಲಿ ಅಂದಿನವರೆಗೆ ಈ ವಿಧಾನದಿಂದ ಬಿಡಿಸಿದ ಅತಿ ದೊಡ್ಡ ಲೆಕ್ಕವನ್ನು ಉಲ್ಲೇಖಿಸಿದ್ದಾರೆ. ಅದರಲ್ಲಿದ್ದದ್ದು 106 ಸಮೀಕರಣಗಳು. ಜೂರಿಕ್ಕಿನಲ್ಲಿದ್ದ ಟ್ಸೂಸೆಯ ರಿಲೇ ಗಣಕದ ಮೇಲೆ 90 ಹೆಜ್ಜೆಗಳಲ್ಲಿ ಒಪ್ಪುವಂಥ ಉತ್ತರ ದೊರಕಿತ್ತು. ಅಂಕಗಣಿತದಲ್ಲಿ ದೋಷವೇ ಇಲ್ಲದಿದ್ದರೆ n ಅಜ್ಞಾತಗಳ ಲೆಕ್ಕ n ಹೆಜ್ಜೆಗಳೊಳಗೆ ಮುಗಿಯಬೇಕು. ಆದರೆ ಗಣಕವು ಪ್ರತಿ ಸಂಖ್ಯೆಯನ್ನೂ ಕೆಲವೇ ಅಂಕಿಗಳಿಗೆ ಮೊಟಕುಗೊಳಿಸುವುದರಿಂದ ಈ ಭರವಸೆ ಉಳಿಯುವುದಿಲ್ಲ. ಆ ಕಾರಣದಿಂದ ಅನೇಕರು ಸಿಜಿಯನ್ನು ಕೈಬಿಟ್ಟರು. 1971ರಲ್ಲಿ ಇಂಗ್ಲೆಂಡಿನ ಜಾನ್ ರೀಡ್ ಬರೆದ ಲೇಖನ ಬಂದ ಮೇಲೆ ದೃಷ್ಟಿ ಬದಲಾಯಿತು. n ಹೆಜ್ಜೆಗಳ ಮಾತನ್ನು ಬದಿಗಿಟ್ಟು, ಅದಕ್ಕಿಂತ ಬಹಳ ಮೊದಲೇ ಸಾಕೆನಿಸುವಷ್ಟು ನಿಖರತೆ ಸಿಗುವ ಪುನರಾವರ್ತನ ವಿಧಾನವೆಂದು ಇದನ್ನು ಕಾಣಬೇಕು ಎಂಬುದು ಆ ದೃಷ್ಟಿ.

ತಳವೇ ಇಲ್ಲದ ಮೇಲ್ಮೈ

ಆದರೆ ಪ್ರಪಂಚದ ಎಲ್ಲ ಸಮಮಿತ ಮಾತೃಕೆಗಳೂ ಧನನಿಶ್ಚಿತವಲ್ಲ. ಕೆಲವು ಐಗನ್ ಮೌಲ್ಯಗಳು ಧನ, ಕೆಲವು ಋಣ ಆಗಿರುವವುಗಳಿಗೆ ಅನಿಶ್ಚಿತ ಮಾತೃಕೆಗಳೆಂದು ಹೆಸರು. ಇಲ್ಲಿ ಬಟ್ಟಲಿನ ಜಾಗದಲ್ಲಿ ಕುದುರೆಯ ಜೀನು ಇರುತ್ತದೆ: ಕುದುರೆಯ ಉದ್ದಕ್ಕೆ ನೋಡಿದರೆ ಹಿಂದೆ ಮುಂದೆ ಏರು, ಅಡ್ಡಕ್ಕೆ ನೋಡಿದರೆ ಎರಡೂ ಬದಿಗೆ ಇಳಿಜಾರು. ಉತ್ತರವಿರುವುದು ಜೀನಿನ ನಡುವೆ. ಅದು ತಳವೂ ಅಲ್ಲ, ಶಿಖರವೂ ಅಲ್ಲ. ಕೆಳಕ್ಕೆ ಇಳಿಯುತ್ತ ಹೋದರೆ ಅಲ್ಲಿಗೆ ತಲುಪುವ ಭರವಸೆ ಇಲ್ಲ.

ಇಂಥ ಮಾತೃಕೆಗಳು ಅಪರೂಪದವೇನಲ್ಲ. ಒಂದು ನಿರ್ಬಂಧಕ್ಕೆ ಒಳಪಟ್ಟು ಯಾವುದನ್ನಾದರೂ ಕನಿಷ್ಠಗೊಳಿಸಬೇಕಾದಲ್ಲೆಲ್ಲ ಅವು ಹುಟ್ಟುತ್ತವೆ. ಬಹಳ ಚಿಕ್ಕ ಉದಾಹರಣೆಯೊಂದನ್ನು ತೆಗೆದುಕೊಳ್ಳೋಣ. ಎರಡು ಸಂಖ್ಯೆಗಳ ಮೊತ್ತ 2 ಆಗಿರಬೇಕು. ಅವುಗಳ ವರ್ಗಗಳ ಮೊತ್ತದ ಅರ್ಧ ಆದಷ್ಟು ಕಡಿಮೆಯಿರಬೇಕು. ಉತ್ತರ ಬಾಯಲ್ಲೇ ಹೇಳಬಹುದು: ಎರಡೂ 1. ಆದರೆ ಲಗ್ರಾಂಜನ ಕ್ರಮದಂತೆ ನಿರ್ಬಂಧಕ್ಕೆ ಒಂದು ಗುಣಕವನ್ನು ಸೇರಿಸಿ ಸಮೀಕರಣಗಳನ್ನು ಬರೆದರೆ ಮೂರು ಅಜ್ಞಾತಗಳ ಲೆಕ್ಕವಾಗುತ್ತದೆ:

```
    | 1  0  1 |        | 0 |
A = | 0  1  1 |    b = | 0 |
    | 1  1  0 |        | 2 |
```

ಕೊನೆಯ ಮೂಲೆಯಲ್ಲಿರುವ ಸೊನ್ನೆಯನ್ನು ಓದುಗರು ಗಮನಿಸಬೇಕು. ನಿರ್ಬಂಧದ ಸಾಲಿನಲ್ಲಿ ಗುಣಕವೇ ಕಾಣಿಸಿಕೊಳ್ಳುವುದಿಲ್ಲವಾದ್ದರಿಂದ ಅಲ್ಲಿ ಸೊನ್ನೆ ಬಂದಿದೆ. ಈ ಮಾತೃಕೆಯ ಐಗನ್ ಮೌಲ್ಯಗಳು 2, 1 ಮತ್ತು −1. ಒಂದು ಋಣವಿರುವುದರಿಂದ ಇದು ಅನಿಶ್ಚಿತ. ಸರಿಯಾದ ಉತ್ತರ (1, 1, −1); ಕೊನೆಯದು ಗುಣಕದ ಬೆಲೆ.

ಈಗ x = 0 ಎಂಬಲ್ಲಿಂದ ಸಿಜಿಯನ್ನು ಆರಂಭಿಸೋಣ. ಮೊದಲ ಶೇಷವೂ ಮೊದಲ ದಿಕ್ಕೂ b ಯೇ: (0, 0, 2). ಅದನ್ನು A ಯಿಂದ ಗುಣಿಸಿದರೆ (2, 2, 0) ಬರುತ್ತದೆ. pᵀAp ಎಂದರೆ ಈ ಎರಡರ ಗುಣಲಬ್ಧ: 0 + 0 + 0, ಎಂದರೆ ಸೊನ್ನೆ. ಹೆಜ್ಜೆಯ ಉದ್ದ 4/0. ವಿಧಾನ ಮೊದಲ ಹೆಜ್ಜೆಯನ್ನೇ ಇಡಲಾರದೆ ನಿಂತಿತು. ಸಮೀಕರಣಗಳಿಗೆ ಉತ್ತರವಿದೆ, ಅದು ಒಂದೇ ಒಂದು, ಮಾತೃಕೆಯೂ ಸೌಮ್ಯವಾದದ್ದು. ಆದರೂ ಹೀಗಾಯಿತು.

ಛೇದ ಸರಿಯಾಗಿ ಸೊನ್ನೆಯಾದರೆ ಗಣಕ ದೂರು ಹೇಳುತ್ತದೆ, ನಮಗೆ ತಿಳಿಯುತ್ತದೆ. ಅಪಾಯ ಹೆಚ್ಚಿರುವುದು ಅದು ಸೊನ್ನೆಗೆ ಹತ್ತಿರವಾದಾಗ. ಕರ್ಣದ ಮೇಲೆ 1 ಮತ್ತು −1 ಮಾತ್ರ ಇರುವ ಎರಡು ಸಾಲಿನ ಮಾತೃಕೆಯನ್ನೂ b = (1, 0.9) ಎಂಬುದನ್ನೂ ತೆಗೆದುಕೊಂಡರೆ pᵀAp = 1 − 0.81 = 0.19. ಹೆಜ್ಜೆಯ ಉದ್ದ 1.81/0.19, ಸುಮಾರು 9.53. ಶೇಷದ ಉದ್ದ 1.345 ಇದ್ದದ್ದು ಒಂದೇ ಹೆಜ್ಜೆಯಲ್ಲಿ 12.75ಕ್ಕೆ ಜಿಗಿಯುತ್ತದೆ. ಎರಡನೆಯ ಹೆಜ್ಜೆಯಲ್ಲಿ ಉತ್ತರ ಬಂದೇಬರುತ್ತದೆ ನಿಜ. ಆದರೆ 0.9 ಇದ್ದಲ್ಲಿ 0.9999999 ಇದ್ದಿದ್ದರೆ ನಡುವಿನ x ಒಂದು ಕೋಟಿಯಷ್ಟಾಗುತ್ತಿತ್ತು. 16 ಅಂಕಿಗಳ ಗಣಕದಲ್ಲಿ ಅಷ್ಟು ದೊಡ್ಡ ಸಂಖ್ಯೆಯ ಮೇಲಿನ ಮೊಟಕು ದೋಷ ಅಂತಿಮ ಉತ್ತರದ ಏಳು ಅಂಕಿಗಳನ್ನು ನುಂಗಿಬಿಡುತ್ತದೆ. ಯಾವ ಎಚ್ಚರಿಕೆಯೂ ಇಲ್ಲದೆ ಬರುವ ನಷ್ಟ ಇದು. ಸಿಜಿ ನಡೆಯುವಾಗ pᵀAp ಒಮ್ಮೆ ಋಣವಾಗಿ ಕಂಡರೂ ಸಾಕು, ಮಾತೃಕೆ ಧನನಿಶ್ಚಿತವಲ್ಲವೆಂದು ತಿಳಿಯಬೇಕು. ಆಮೇಲೆ ಬರುವ ಅಂಕಿಗಳನ್ನು ನಂಬುವ ಹಕ್ಕು ನಮಗಿಲ್ಲ.

ಅಂದಿನವರು ಇದಕ್ಕೆ ಪರಿಹಾರ ಹುಡುಕದೆ ಇರಲಿಲ್ಲ. Ax = b ಯ ಎರಡೂ ಬದಿಯನ್ನು A ಯಿಂದಲೇ ಗುಣಿಸಿ A²x = Ab ಎಂದು ಮಾಡಿದರೆ ಐಗನ್ ಮೌಲ್ಯಗಳೆಲ್ಲ ವರ್ಗವಾಗಿ ಧನವಾಗುತ್ತವೆ; ಆಗ ಸಿಜಿ ನಡೆಯುತ್ತದೆ. ಆದರೆ ಅತಿ ದೊಡ್ಡ ಮತ್ತು ಅತಿ ಚಿಕ್ಕ ಐಗನ್ ಮೌಲ್ಯಗಳ ಪ್ರಮಾಣವೂ ವರ್ಗವಾಗಿಬಿಡುತ್ತದೆ. ಸ್ಟೀಫೆಲ್ 1955ರಲ್ಲಿ ಶೇಷವನ್ನೇ ಕನಿಷ್ಠಗೊಳಿಸುವ ಸಿಜಿಯ ಸೋದರ ವಿಧಾನವೊಂದನ್ನು ಪ್ರಕಟಿಸಿದರು. ಅದರ ಗುರಿ ಸರಿಯಾಗಿತ್ತು. ಆದರೆ ಅದರ ಲೆಕ್ಕದ ದಾರಿಯಲ್ಲಿ rᵀAr ಎಂಬುದರಿಂದ ಭಾಗಿಸಬೇಕಾಗುತ್ತದೆ. ನಮ್ಮ ಮೂರು ಸಾಲಿನ ಉದಾಹರಣೆಯಲ್ಲಿ ಅದೂ ಸೊನ್ನೆಯೇ. 1969ರಲ್ಲಿ ಡೇವಿಡ್ ಲುಯೆನ್‌ಬರ್ಗರ್ ಛೇದ ಸೊನ್ನೆಯಾದಾಗ ಒಂದು ದಿಕ್ಕಿನ ಬದಲು ಎರಡು ದಿಕ್ಕುಗಳನ್ನು ಜೋಡಿಯಾಗಿ ದಾಟುವ ಉಪಾಯ ಸೂಚಿಸಿದರು. ಆದರೆ ಛೇದ ಎಷ್ಟು ಚಿಕ್ಕದಾದರೆ ಜೋಡಿಹೆಜ್ಜೆ ಇಡಬೇಕು ಎಂಬ ತೀರ್ಮಾನ ಇಂಥ ಉಪಾಯಗಳಿಗೆ ಅಂಟಿಕೊಂಡೇ ಇರುವ ತೊಡಕು.

ಲಾಂಜೋಸರ ಏಣಿ

ಪರಿಹಾರದ ಬೀಜ ಮೊದಲಿನಿಂದಲೂ ಅದೇ ಕೇಂದ್ರದಲ್ಲಿತ್ತು. ಹಂಗೇರಿಯಲ್ಲಿ ಹುಟ್ಟಿ, ಒಂದು ಕಾಲದಲ್ಲಿ ಐನ್‌ಸ್ಟೈನರ ಸಹಾಯಕರಾಗಿದ್ದ ಕಾರ್ನೀಲಿಯಸ್ ಲಾಂಜೋಸ್ ಅಲ್ಲಿ ಕೆಲಸ ಮಾಡುತ್ತಿದ್ದರು. 1950ರಲ್ಲಿ ಅವರು ಐಗನ್ ಮೌಲ್ಯಗಳನ್ನು ಕಂಡುಹಿಡಿಯಲು ಒಂದು ಕ್ರಮವನ್ನು ಪ್ರಕಟಿಸಿದರು. b ಯ ಉದ್ದವನ್ನು ಒಂದಕ್ಕೆ ಇಳಿಸಿ ಅದನ್ನು v₁ ಎಂದು ಕರೆಯಿರಿ. ಅದನ್ನು A ಯಿಂದ ಗುಣಿಸಿರಿ. ಬಂದದ್ದರಲ್ಲಿ v₁ರ ದಿಕ್ಕಿನ ಅಂಶವನ್ನು ಕಳೆಯಿರಿ. ಉಳಿದುದರ ಉದ್ದವನ್ನು ಒಂದಕ್ಕೆ ಇಳಿಸಿದರೆ v₂. ಹೀಗೆಯೇ ಮುಂದುವರಿಯಿರಿ. A ಸಮಮಿತವಾಗಿರುವುದರಿಂದ ಪ್ರತಿ ಬಾರಿಯೂ ಕೊನೆಯ ಎರಡು ಸದಿಶಗಳ ಅಂಶವನ್ನು ಕಳೆದರೆ ಸಾಕು, ಅದಕ್ಕೂ ಹಿಂದಿನವುಗಳಿಗೆ ಹೊಸದು ತಾನಾಗಿಯೇ ಲಂಬವಾಗಿರುತ್ತದೆ. ಕಳೆದ ಅಂಶಗಳನ್ನೂ ಉಳಿದ ಉದ್ದಗಳನ್ನೂ ಒಂದೆಡೆ ಬರೆದಿಟ್ಟರೆ T ಎಂಬ ಸಣ್ಣ ಮಾತೃಕೆಯಾಗುತ್ತದೆ. ಅದರಲ್ಲಿ ಮುಖ್ಯ ಕರ್ಣ ಮತ್ತು ಅದರ ಅಕ್ಕಪಕ್ಕದ ಎರಡು ಸಾಲುಗಳು ಬಿಟ್ಟರೆ ಎಲ್ಲವೂ ಸೊನ್ನೆ. ಈ ಕ್ರಮದಲ್ಲಿ A ಧನನಿಶ್ಚಿತವಾಗಿರಬೇಕೆಂಬ ಷರತ್ತು ಎಲ್ಲಿಯೂ ಇಲ್ಲ.

ಸಿಜಿಯೂ ಒಳಗೊಳಗೆ ಈ ಏಣಿಯನ್ನೇ ಏರುತ್ತಿರುತ್ತದೆ. ಅದರ ಸೂತ್ರಗಳನ್ನು ಬಿಡಿಸಿ ನೋಡಿದರೆ, T ಯನ್ನು ಕರ್ಣದ ಸಂಖ್ಯೆಗಳಿಂದ ಭಾಗಿಸುತ್ತ, ಸಾಲುಗಳನ್ನು ಅದಲುಬದಲು ಮಾಡದೆ ವಿಘಟಿಸುವ ಕ್ರಮ ಕಾಣುತ್ತದೆ. T ಧನನಿಶ್ಚಿತವಾಗಿದ್ದರೆ ಅದಕ್ಕೆ ಯಾವ ತೊಂದರೆಯೂ ಇಲ್ಲ. A ಅನಿಶ್ಚಿತವಾಗಿದ್ದರೆ T ಯ ಐಗನ್ ಮೌಲ್ಯಗಳು ಏಣಿ ಬೆಳೆದಂತೆ ಋಣದ ಕಡೆಗೂ ಧನದ ಕಡೆಗೂ ಸರಿಯುತ್ತವೆ. ಹಾಗೆ ಸರಿಯುವಾಗ ಯಾವುದೋ ಒಂದು ಹಂತದಲ್ಲಿ ಒಂದು ಮೌಲ್ಯ ಸೊನ್ನೆಯ ಮೇಲೆಯೇ ಬಂದು ಕೂರಬಹುದು. ಆ ಹಂತದಲ್ಲಿ T ಗೆ ವಿಲೋಮವಿರುವುದಿಲ್ಲ, ಸಿಜಿಯ ಉತ್ತರವೂ ಇರುವುದಿಲ್ಲ. ಆದ್ದರಿಂದ ದೋಷವಿರುವುದು ಏಣಿಯಲ್ಲಲ್ಲ, ಏಣಿಯ ಮೇಲೆ ಕಾಲಿಡುವ ರೀತಿಯಲ್ಲಿ.

ಇದನ್ನು ಸ್ಪಷ್ಟವಾಗಿ ಕಂಡವರು ಕ್ರಿಸ್ ಪೇಜ್ ಮತ್ತು ಮೈಕೆಲ್ ಸಾಂಡರ್ಸ್. ಪೇಜ್ 1971ರಲ್ಲಿ ಲಂಡನ್ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಪ್ರೌಢಪ್ರಬಂಧದಲ್ಲಿ ಲಾಂಜೋಸರ ಕ್ರಮವು ಮೊಟಕು ದೋಷಗಳ ನಡುವೆಯೂ ಹೇಗೆ ನಡೆದುಕೊಳ್ಳುತ್ತದೆಂಬುದನ್ನು ಆಳವಾಗಿ ಪರಿಶೀಲಿಸಿದ್ದರು. ಸದಿಶಗಳ ಲಂಬತೆ ಕೆಡುವುದು ಯಾದೃಚ್ಛಿಕವಲ್ಲ. ಯಾವುದಾದರೊಂದು ಐಗನ್ ಮೌಲ್ಯ ಪಕ್ವವಾದಾಗಲೇ ಅದು ಕೆಡುತ್ತದೆಂದು ತೋರಿಸಿದ ಕೀರ್ತಿ ಅವರದು. ಕೆಟ್ಟಿತೆಂದು ಕೈಬಿಟ್ಟಿದ್ದ ಕ್ರಮವನ್ನು ಮತ್ತೆ ನಂಬಲು ಇದು ಆಧಾರ ಒದಗಿಸಿತು. ಇಬ್ಬರೂ ಸೇರಿ ಬರೆದ ಲೇಖನ 1975ರಲ್ಲಿ ಸಿಯಾಮ್ ಸಂಸ್ಥೆಯ ಸಂಖ್ಯಾತ್ಮಕ ವಿಶ್ಲೇಷಣೆಯ ಪತ್ರಿಕೆಯಲ್ಲಿ ಹೊರಬಂತು. ಅದರಲ್ಲಿ ಎರಡು ವಿಧಾನಗಳಿದ್ದವು: ಒಂದು ಸಿಮ್‌ಎಲ್‌ಕ್ಯೂ, ಇನ್ನೊಂದು ಮಿನ್ರೆಸ್.

ಕಾಲಿಡುವ ಹೊಸ ರೀತಿ

ಮಿನ್ರೆಸ್ ತನ್ನ ಪ್ರಶ್ನೆಯನ್ನೇ ಬದಲಿಸಿಕೊಂಡಿತು. ‘ಮೇಲ್ಮೈಯ ತಳ ಎಲ್ಲಿದೆ?’ ಎಂದು ಅದು ಕೇಳುವುದಿಲ್ಲ. ‘ಈವರೆಗೆ ನನ್ನ ಕೈಯಲ್ಲಿರುವ v₁, v₂, … ಸದಿಶಗಳನ್ನು ಬೆರೆಸಿ ಮಾಡಬಹುದಾದ ಎಲ್ಲ x ಗಳಲ್ಲಿ, ಶೇಷದ ಉದ್ದ ಯಾವುದಕ್ಕೆ ಅತಿ ಕಡಿಮೆ?’ ಎಂದು ಕೇಳುತ್ತದೆ. ಮೊದಲ ಪ್ರಶ್ನೆಗೆ ಜೀನಿನ ಮೇಲೆ ಅರ್ಥವಿಲ್ಲ. ಎರಡನೆಯ ಪ್ರಶ್ನೆಗೆ ಎಲ್ಲೆಡೆಯೂ ಅರ್ಥವಿದೆ, ಏಕೆಂದರೆ ಉದ್ದವೆಂಬುದು ಎಂದೂ ಋಣವಾಗದು.

ಲೆಕ್ಕದಲ್ಲಿ ಇದರ ಪರಿಣಾಮ ಹೀಗಿದೆ. ಸಿಜಿ k ಹೆಜ್ಜೆಗಳ ನಂತರ k ಸಾಲು k ಕಂಬಸಾಲುಗಳ ಚೌಕ T ಯನ್ನು ಬಳಸುತ್ತದೆ. ಮಿನ್ರೆಸ್ ಅದರ ಕೆಳಗೆ ಇನ್ನೂ ಒಂದು ಸಾಲನ್ನು ಸೇರಿಸಿಕೊಳ್ಳುತ್ತದೆ. ಮುಂದಿನ ಸದಿಶದ ಉದ್ದವಿರುವ ಸಾಲು ಅದು. ಆ ಒಂದು ಸಾಲಿನಿಂದಾಗಿ ಕಂಬಸಾಲುಗಳು ಒಂದನ್ನೊಂದು ಅವಲಂಬಿಸುವ ಪ್ರಮೇಯವೇ ಇಲ್ಲ. ಚೌಕ ಭಾಗ ಕೈಕೊಟ್ಟರೂ ಆಯತ ಕೈಕೊಡುವುದಿಲ್ಲ. ಅದನ್ನು ಕರ್ಣದ ಸಂಖ್ಯೆಯಿಂದ ಭಾಗಿಸುವ ಬದಲು ಎರಡೆರಡು ಸಾಲುಗಳನ್ನು ಸಮತಲದಲ್ಲಿ ತಿರುಗಿಸಿ ಮೇಲ್ತ್ರಿಕೋನ ರೂಪಕ್ಕೆ ತರಲಾಗುತ್ತದೆ. ತಿರುಗಿಸುವಾಗ ಉದ್ದ ಬದಲಾಗದು, ದೋಷ ಉಬ್ಬದು.

ನಮ್ಮ ಮೂರು ಸಾಲಿನ ಉದಾಹರಣೆಯನ್ನೇ ಮತ್ತೆ ಹಿಡಿಯೋಣ. b ಯ ಉದ್ದ 2; v₁ = (0, 0, 1). ಅದನ್ನು A ಯಿಂದ ಗುಣಿಸಿದರೆ (1, 1, 0). ಇದರಲ್ಲಿ v₁ರ ಅಂಶ ಸೊನ್ನೆ, ಉದ್ದ √2. ಹೀಗಾಗಿ T ಯ ಮೊದಲ ಕಂಬಸಾಲು ಮೇಲಿನಿಂದ ಕೆಳಕ್ಕೆ 0, √2. ಸಿಜಿ ನೋಡುವುದು ಮೇಲಿನ ಸೊನ್ನೆಯನ್ನು ಮಾತ್ರ, ಅದಕ್ಕೇ ಎಡವುತ್ತದೆ. ಮಿನ್ರೆಸ್ ಕೆಳಗಿನ √2 ಅನ್ನೂ ನೋಡುತ್ತದೆ. ಎರಡು ಸಾಲುಗಳನ್ನು ಕಾಲು ಸುತ್ತು ತಿರುಗಿಸಿದರೆ √2 ಮೇಲಕ್ಕೆ ಬಂದು ಸೊನ್ನೆ ಕೆಳಕ್ಕೆ ಹೋಗುತ್ತದೆ. ಬಲಬದಿಯ 2 ಎಂಬುದು ಮೊದಲ ಸ್ಥಾನದಿಂದ ಎರಡನೆಯದಕ್ಕೆ ಜಾರುತ್ತದೆ. ಇದರ ಅರ್ಥ, ಈ ಹೆಜ್ಜೆಯಲ್ಲಿ ಉತ್ತರಕ್ಕೆ ಸೇರಿದ್ದು ಸೊನ್ನೆ, ಶೇಷ ಇನ್ನೂ 2. ವಿಧಾನ ಮುಂದೆ ಸರಿಯಲಿಲ್ಲ, ಆದರೆ ಬೀಳಲೂ ಇಲ್ಲ.

ಎರಡನೆಯ ಹೆಜ್ಜೆ: v₂ = (1, 1, 0)/√2. ಅದನ್ನು ಗುಣಿಸಿದಾಗ v₂ರ ಅಂಶ 1, v₁ರ ಅಂಶ √2, ಅವೆರಡನ್ನೂ ಕಳೆದ ಮೇಲೆ ಏನೂ ಉಳಿಯುವುದಿಲ್ಲ. ಏಣಿ ಇಲ್ಲಿಗೆ ಮುಗಿಯಿತು. T ಯ ಎರಡನೆಯ ಕಂಬಸಾಲು √2, 1. ಹಿಂದಿನ ತಿರುವನ್ನು ಇದಕ್ಕೂ ಅನ್ವಯಿಸಿದರೆ 1, √2 ಆಗುತ್ತದೆ. ಈಗ ದಿಕ್ಕುಗಳನ್ನು ಲೆಕ್ಕ ಹಾಕಬಹುದು: d₁ = v₁/√2; d₂ = (v₂ − d₁)/√2, ಎಂದರೆ (½, ½, −½). ಮೊದಲ ಹೆಜ್ಜೆಯಲ್ಲಿ ಕೆಳಕ್ಕೆ ಜಾರಿದ್ದ 2 ಎಂಬ ಬಾಕಿಯನ್ನು d₂ಕ್ಕೆ ಗುಣಿಸಿದರೆ (1, 1, −1). ಇದೇ ಉತ್ತರ, ಶೇಷ ಸೊನ್ನೆ. ಮೂರು ಅಜ್ಞಾತಗಳಿದ್ದರೂ ಎರಡೇ ಹೆಜ್ಜೆ ಸಾಕಾಗಿದ್ದಕ್ಕೆ ಕಾರಣ, b ಯಲ್ಲಿ 2 ಮತ್ತು −1ರ ಐಗನ್ ಸದಿಶಗಳ ಅಂಶ ಮಾತ್ರ ಇದೆ, 1ರದು ಇಲ್ಲ.

ಹೊಸ ದಿಕ್ಕನ್ನು ಕಟ್ಟಲು ಹಿಂದಿನ ಎರಡು ದಿಕ್ಕುಗಳು ಬೇಕು. ಸಿಜಿಗೆ ನಾಲ್ಕು ಸದಿಶಗಳಷ್ಟು ಜಾಗ ಸಾಕಾದರೆ ಮಿನ್ರೆಸ್‌ಗೆ ಸುಮಾರು ಏಳರಷ್ಟು ಬೇಕಾಗುತ್ತದೆ. ಆದರೆ A ಯಿಂದ ಗುಣಿಸುವುದು ಎರಡರಲ್ಲಿಯೂ ಹೆಜ್ಜೆಗೆ ಒಮ್ಮೆ ಮಾತ್ರ.

ಎರಡು ಶೇಷಗಳ ನಂಟು

ಎರಡು ವಿಧಾನಗಳೂ ಒಂದೇ ಏಣಿಯನ್ನು ಏರುವುದರಿಂದ ಅವುಗಳ ಶೇಷಗಳ ನಡುವೆ ಖಚಿತವಾದ ಸಂಬಂಧವಿದೆ. ಒಂದು ಹೆಜ್ಜೆಯಲ್ಲಿ ಮಿನ್ರೆಸ್‌ನ ಶೇಷ ಹಿಂದಿನದರ q ಪಾಲಷ್ಟಾಯಿತು ಎಂದಿಟ್ಟುಕೊಳ್ಳೋಣ. ಆಗ ಅದೇ ಹೆಜ್ಜೆಯಲ್ಲಿ ಸಿಜಿಯ ಶೇಷವು ಮಿನ್ರೆಸ್‌ನ ಶೇಷವನ್ನು √(1 − q²) ಇಂದ ಭಾಗಿಸಿದಷ್ಟಿರುತ್ತದೆ. ಮೇಲಿನ (1, 0.9) ಉದಾಹರಣೆಯಲ್ಲಿ ಮಿನ್ರೆಸ್‌ನ ಶೇಷ 1.345ರಿಂದ 1.338ಕ್ಕೆ ಮಾತ್ರ ಇಳಿಯುತ್ತದೆ. √(1 − q²) ಸುಮಾರು 0.105. 1.338 ಅನ್ನು ಅದರಿಂದ ಭಾಗಿಸಿದರೆ 12.75 ಬರುತ್ತದೆ. ಸಿಜಿಯಲ್ಲಿ ನಾವು ಕಂಡ ಜಿಗಿತ ಇದೇ.

ಈ ಸೂತ್ರದಿಂದ ತಿಳಿಯುವುದು ಬಹಳ. ಮಿನ್ರೆಸ್ ನಿಂತ ನೀರಾದಲ್ಲೆಲ್ಲ ಸಿಜಿ ಉಕ್ಕುತ್ತದೆ. ಮಿನ್ರೆಸ್ ಚುರುಕಾಗಿ ಇಳಿಯುವಲ್ಲಿ ಸಿಜಿಯೂ ಅದರ ಹತ್ತಿರವೇ ಇರುತ್ತದೆ. ಆದ್ದರಿಂದ ಸಿಜಿ ಬಿದ್ದಲ್ಲಿ ಮಿನ್ರೆಸ್ ಓಡುತ್ತದೆಂದು ಭಾವಿಸಬಾರದು. ಆ ಹೆಜ್ಜೆಯಲ್ಲಿ ಅದು ಕೇವಲ ತಾಳ್ಮೆಯಿಂದ ನಿಂತಿರುತ್ತದೆ. ಆದರೆ ಆ ನಿಲುವಿಗೂ ಮಿತಿಯಿದೆ. ಏಣಿಯ ಎರಡು ನೆರೆಯ ಹಂತಗಳ T ಗಳು ಎರಡೂ ಒಟ್ಟಿಗೆ ವಿಲೋಮರಹಿತವಾಗಲಾರವು. ಹೀಗಾಗಿ ಏಣಿ ಮುಗಿಯುವವರೆಗೆ ಸತತ ಎರಡು ಹೆಜ್ಜೆಗಳಲ್ಲಿ ಒಂದರಲ್ಲಾದರೂ ಮಿನ್ರೆಸ್‌ನ ಶೇಷ ಇಳಿಯಲೇಬೇಕು.

ವೇಗದ ವಿಷಯದಲ್ಲಿ ಮಾತ್ರ ಅನಿಶ್ಚಿತತೆ ತನ್ನ ಸುಂಕವನ್ನು ವಸೂಲು ಮಾಡುತ್ತದೆ. ಐಗನ್ ಮೌಲ್ಯಗಳ ಪರಿಮಾಣದಲ್ಲಿ ಅತಿ ದೊಡ್ಡದು ಅತಿ ಚಿಕ್ಕದರ 100 ಪಟ್ಟು ಇರಲಿ. ಎಲ್ಲವೂ ಧನವಾಗಿದ್ದರೆ ಸಿಜಿಯ ದೋಷದ ಮಿತಿಯು ಹೆಜ್ಜೆಗೆ 9/11ರ ಪ್ರಮಾಣದಲ್ಲಿ ಕುಗ್ಗುತ್ತದೆ. ಹತ್ತು ಲಕ್ಷದಲ್ಲಿ ಒಂದು ಪಾಲಿಗೆ ಇಳಿಯಲು ಸುಮಾರು 72 ಹೆಜ್ಜೆ ಸಾಕು. ಸೊನ್ನೆಯ ಎರಡೂ ಬದಿಗೆ ಮೌಲ್ಯಗಳು ಸಮನಾಗಿ ಹರಡಿದ್ದರೆ ಮಿನ್ರೆಸ್‌ನ ಶೇಷದ ಮಿತಿ ಎರಡು ಹೆಜ್ಜೆಗೊಮ್ಮೆ 99/101ರ ಪ್ರಮಾಣದಲ್ಲಿ ಮಾತ್ರ ಕುಗ್ಗುತ್ತದೆ. ಅಷ್ಟೇ ಇಳಿಕೆಗೆ ಸುಮಾರು 1450 ಹೆಜ್ಜೆಗಳು. A² ಬಳಸಿ ಸಿಜಿ ನಡೆಸಿದರೂ ಇದೇ ಖರ್ಚು. ಇದು ಅತಿ ಕೆಟ್ಟ ಸಂದರ್ಭದ ಲೆಕ್ಕ. ಋಣ ಮೌಲ್ಯಗಳು ಬೆರಳೆಣಿಕೆಯಷ್ಟಿದ್ದರೆ ಅಥವಾ ಗುಂಪುಗೂಡಿದ್ದರೆ ಮಿನ್ರೆಸ್ ಇದಕ್ಕಿಂತ ಬಹಳ ಬೇಗ ಮುಗಿಸುತ್ತದೆ.

ಆದ್ದರಿಂದಲೇ ದೊಡ್ಡ ಲೆಕ್ಕಗಳಲ್ಲಿ ಮಾತೃಕೆಯನ್ನು ಮೊದಲೇ ಹದಗೊಳಿಸಿಕೊಳ್ಳುವುದು ಅನಿವಾರ್ಯ. ಅದಕ್ಕೆ ಬಳಸುವ ಹದಕಾರಕ ಮಾತೃಕೆ ಮಾತ್ರ ಧನನಿಶ್ಚಿತವಾಗಿಯೇ ಇರಬೇಕು. A ಅನಿಶ್ಚಿತವೆಂದು ಅದನ್ನೂ ಅನಿಶ್ಚಿತವಾಗಿ ಆರಿಸಿದರೆ ‘ಶೇಷದ ಉದ್ದ’ ಎಂಬ ಮಾತಿಗೇ ಅರ್ಥ ಹೋಗುತ್ತದೆ. ಮಂದವಾಗಿ ಹರಿಯುವ, ಕುಗ್ಗದ ದ್ರವಗಳ ಸ್ಟೋಕ್ಸ್ ಸಮೀಕರಣಗಳಲ್ಲಿ ಒತ್ತಡವು ನಮ್ಮ ಉದಾಹರಣೆಯ ಗುಣಕದ ಪಾತ್ರವನ್ನೇ ವಹಿಸುತ್ತದೆ, ಮೂಲೆಯಲ್ಲಿ ಅದೇ ಸೊನ್ನೆಯ ಭಾಗವಿರುತ್ತದೆ. 1990ರ ದಶಕದಲ್ಲಿ ಇಂಥ ಲೆಕ್ಕಗಳಿಗೆ ಮಿನ್ರೆಸ್ ನೆಚ್ಚಿನ ಸಾಧನವಾಯಿತು. 2000ದಲ್ಲಿ ಮರ್ಫಿ, ಗಾಲಬ್ ಮತ್ತು ವೇಥನ್ ಒಂದು ಸೊಗಸಾದ ಸಂಗತಿಯನ್ನು ತೋರಿಸಿದರು. ಎರಡು ಭಾಗಗಳನ್ನೂ ಆದರ್ಶವಾಗಿ ಹದಗೊಳಿಸಿದರೆ ಉಳಿಯುವ ಐಗನ್ ಮೌಲ್ಯಗಳು ಮೂರೇ: 1, (1 + √5)/2 ಮತ್ತು (1 − √5)/2. ಮೂರೇ ಮೌಲ್ಯಗಳಾದ್ದರಿಂದ ಮಿನ್ರೆಸ್‌ಗೆ ಮೂರು ಹೆಜ್ಜೆ ಸಾಕು. ಆದರ್ಶ ಹದ ದುಬಾರಿಯಾದದ್ದು. ಅದಕ್ಕೆ ಹತ್ತಿರವಾದ ಅಗ್ಗದ ಹದವನ್ನು ಹುಡುಕುವುದೇ ಆ ಕ್ಷೇತ್ರದ ಕಸುಬು.

ಮಿನ್ರೆಸ್‌ಗೂ ತನ್ನದೇ ಆದ ದೌರ್ಬಲ್ಯವಿದೆ. ಅದು ಶೇಷದ ಉದ್ದವನ್ನು ತಿರುವುಗಳಿಂದಲೇ ಲೆಕ್ಕ ಹಾಕುತ್ತದೆ, b − Ax ಅನ್ನು ಮತ್ತೆ ಕಟ್ಟಿ ನೋಡುವುದಿಲ್ಲ. ಮಾತೃಕೆ ಹದಗೆಟ್ಟಿದ್ದರೆ d ದಿಕ್ಕುಗಳಲ್ಲಿ ಸೇರಿಕೊಳ್ಳುವ ಮೊಟಕು ದೋಷ ಆ ಹದಗೇಡಿನ ವರ್ಗಕ್ಕೆ ಅನುಗುಣವಾಗಿ ಬೆಳೆಯಬಹುದೆಂದು ಸ್ಲೈಪನ್, ಫಾನ್ ಡರ್ ಫೋರ್ಸ್ಟ್ ಮತ್ತು ಮೋಡರ್‌ಸಿಟ್ಸ್ಕಿ ವಿಶ್ಲೇಷಿಸಿದ್ದಾರೆ. ಈ ವಿಷಯದಲ್ಲಿ 1975ರ ಇನ್ನೊಂದು ವಿಧಾನವಾದ ಸಿಮ್‌ಎಲ್‌ಕ್ಯೂ ಹೆಚ್ಚು ಗಟ್ಟಿ. ಆದರೆ ಅದರ ಶೇಷ ಏಕರೂಪವಾಗಿ ಇಳಿಯುವುದಿಲ್ಲ. 2011ರಲ್ಲಿ ಚೋಯ್, ಪೇಜ್ ಮತ್ತು ಸಾಂಡರ್ಸ್ ಈ ಕೊರತೆಯನ್ನೂ ವಿಲೋಮವಿಲ್ಲದ ಮಾತೃಕೆಗಳ ತೊಡಕನ್ನೂ ನಿಭಾಯಿಸುವ ಮಿನ್ರೆಸ್-ಕ್ಯೂಎಲ್‌ಪಿ ಎಂಬ ರೂಪವನ್ನು ಪ್ರಕಟಿಸಿದರು. ಬಳಸುವವರು ಮಾಡಬಹುದಾದ ಪರೀಕ್ಷೆಯಂತೂ ಸುಲಭ: ಲೆಕ್ಕ ನಿಂತ ಮೇಲೆ b − Ax ಅನ್ನು ಒಮ್ಮೆ ನೇರವಾಗಿ ಗುಣಿಸಿ ನೋಡಬೇಕು. ವಿಧಾನ ವರದಿ ಮಾಡಿದ ಶೇಷಕ್ಕೂ ಇದಕ್ಕೂ ಬಹಳ ಅಂತರವಿದ್ದರೆ ವರದಿಯನ್ನು ನಂಬಬಾರದು.

ಬಟ್ಟಲಿನ ಮೇಲೂ ಮಿನ್ರೆಸ್

ಕೊನೆಗೊಂದು ಪ್ರಶ್ನೆ ಉಳಿಯುತ್ತದೆ. ಮಾತೃಕೆ ಧನನಿಶ್ಚಿತವೇ ಆಗಿದ್ದರೆ ಮಿನ್ರೆಸ್‌ನ ಅಗತ್ಯವಿದೆಯೇ? ಬಹುಕಾಲ ಇಲ್ಲವೆಂದೇ ಎಲ್ಲರೂ ಭಾವಿಸಿದ್ದರು. 2012ರಲ್ಲಿ ಫಾಂಗ್ ಮತ್ತು ಸಾಂಡರ್ಸ್ ಎರಡನ್ನೂ ಧನನಿಶ್ಚಿತ ಲೆಕ್ಕಗಳ ಮೇಲೆ ಎದುರುಬದುರು ಇಟ್ಟು ನೋಡಿದರು. ಉತ್ತರದಿಂದ ಎಷ್ಟು ದೂರವಿದ್ದೇವೆ ಎಂಬುದನ್ನು ಬಟ್ಟಲಿನ ಅಳತೆಗೋಲಿನಿಂದ ಅಳೆದರೆ ಪ್ರತಿ ಹೆಜ್ಜೆಯಲ್ಲಿಯೂ ಸಿಜಿಯೇ ಮುಂದು. ಅದನ್ನೇ ಅದು ಕನಿಷ್ಠಗೊಳಿಸುತ್ತದೆಯಾದ್ದರಿಂದ ಬೇರೆ ರೀತಿ ಇರಲು ಸಾಧ್ಯವೂ ಇಲ್ಲ. ಆದರೆ ನಿಲ್ಲಿಸುವ ತೀರ್ಮಾನವನ್ನು ನಾವು ಸಾಮಾನ್ಯವಾಗಿ ಶೇಷವನ್ನು ನೋಡಿಯೇ ತೆಗೆದುಕೊಳ್ಳುತ್ತೇವೆ, ಏಕೆಂದರೆ ನಿಜವಾದ ಉತ್ತರ ಗೊತ್ತಿಲ್ಲದಾಗ ಕೈಗೆ ಸಿಗುವುದು ಅದೊಂದೇ. ಸಿಜಿಯ ಶೇಷ ಬಟ್ಟಲಿನ ಮೇಲೂ ಏರಿಳಿಯುತ್ತ ಸಾಗುತ್ತದೆ. ಮಿನ್ರೆಸ್‌ನದು ಇಳಿಯುತ್ತಲೇ ಹೋಗುತ್ತದೆ. ಅಲ್ಪ ನಿಖರತೆ ಸಾಕೆನ್ನುವಲ್ಲಿ, ಬೇಗ ನಿಲ್ಲಿಸಬೇಕೆನ್ನುವಲ್ಲಿ ಮಿನ್ರೆಸ್ ಕಡಿಮೆ ಹೆಜ್ಜೆಗಳಲ್ಲಿ ಬಿಡುಗಡೆ ಕೊಡುತ್ತದೆ.

ಹೀಗೆ ಎರಡು ವಿಧಾನಗಳ ಭೇದ ಒಂದು ಸಾಲಿನಲ್ಲಿದೆ: ಏಣಿಯ ಕೆಳಗೆ ಇನ್ನೊಂದು ಮೆಟ್ಟಿಲನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಬೇಕೋ ಬೇಡವೋ ಎಂಬಲ್ಲಿ. ಲಾಂಜೋಸರ ಕ್ರಮದಲ್ಲಿ 1950ರಿಂದಲೂ ಆ ಮೆಟ್ಟಿಲು ಇತ್ತು. ಅದರ ಮೇಲೆ ಕಾಲಿಡಲು 25 ವರ್ಷ ಬೇಕಾಯಿತು. ಮಾತೃಕೆ ಸಮಮಿತವೆಂದು ಗೊತ್ತಿದ್ದು ಧನನಿಶ್ಚಿತವೋ ಅಲ್ಲವೋ ಎಂದು ಗೊತ್ತಿಲ್ಲದಿದ್ದಾಗ, ಮೂಲೆಯಲ್ಲಿ ಒಂದು ಸೊನ್ನೆ ಕಂಡಾಗ, ಆ ಮೆಟ್ಟಿಲೇ ಆಸರೆ.